ಚರ್ಚೆ: ಬ್ಯಾಂಡ್-ಪಾಸ್ ಫಿಲ್ಟರ್‌ನ ಅಳೆದ ಮತ್ತು ಸೈದ್ಧಾಂತಿಕ ಪ್ರತಿಸ್ಪಂದನೆ

ನಾವು ಪರೀಕ್ಷಿಸಿದ್ದು ಮ್ಯಾಟ್‌ಲ್ಯಾಬ್‌ನಲ್ಲಿ ರಚಿಸಿದ ನಾಲ್ಕನೇ ದರ್ಜೆಯ ಬಟರ್‌ವರ್ತ್ ಫಿಲ್ಟರನ್ನು.

```matlab
fs = 8000;
[b,a] = butter(2,[800 1250]/(fs/2),'bandpass');
```

ಅಂಚಿನ ಆವೃತ್ತಿಗಳಲ್ಲಿ ಅಳತೆಗೂ ಸಿದ್ಧಾಂತಕ್ಕೂ ಭೇದವಿಲ್ಲ. 800 ಮತ್ತು 1250 ಹರ್ಟ್ಸ್ ಎರಡರಲ್ಲೂ ಪ್ರಮಾಣ 3.0 ಡೆಸಿಬೆಲ್ ಇಳಿದಿದೆ. ತರಗತಿಯಲ್ಲಿ ಕಲಿತ ಅನಲಾಗ್ ಸೂತ್ರದಿಂದ ಎಳೆದ ರೇಖೆ ದೂರ ಸರಿಯುವುದು ಮೇಲಿನ ಆವೃತ್ತಿಗಳಲ್ಲಿ. 400 ಹರ್ಟ್ಸ್‌ನಲ್ಲಿ ಸೂತ್ರ 26.8 ಡೆಸಿಬೆಲ್ ಕ್ಷೀಣತೆ ಹೇಳಿದರೆ ಅಳೆದದ್ದು 26.0, 2000ದಲ್ಲಿ 21.0ರ ಬದಲು 23.8, 3600ರಲ್ಲಿ 34.7ರ ಬದಲು 59.1. ಇಷ್ಟು ದೊಡ್ಡ ಅಂತರವನ್ನು ಅಳತೆಯ ದೋಷವೆಂದು ಬರೆದು ಮುಗಿಸುವುದು ಸರಿಯಲ್ಲ. `butter` ಬೈಲೀನಿಯರ್ ರೂಪಾಂತರವನ್ನು ಬಳಸುತ್ತದೆ. ಅದು ಅನಲಾಗ್ ಆವೃತ್ತಿಯ ಅನಂತವನ್ನು 4000 ಹರ್ಟ್ಸ್‌ಗೆ ತಂದು ನಿಲ್ಲಿಸುವುದರಿಂದ ಅಲ್ಲಿ ಪ್ರತಿಸ್ಪಂದನೆ ಸೊನ್ನೆಯಾಗಲೇಬೇಕು. ಅಂಚುಗಳು ಮೊದಲೇ ಸರಿಹೊಂದಿಸಲ್ಪಟ್ಟಿರುವುದರಿಂದ ಅಲ್ಲಿ ಎರಡು ರೇಖೆಗಳು ಕೂಡುತ್ತವೆ. `freqz` ಕೊಡುವ ರೇಖೆಯೇ ಈ ಫಿಲ್ಟರ್‌ನ ನಿಜವಾದ ಸಿದ್ಧಾಂತ. ಅದರೊಂದಿಗೆ ಹೋಲಿಸಿದಾಗ ಈ ಮೂರೂ ಅಳತೆಗಳು ಮೊದಲ ದಶಮಾಂಶದವರೆಗೆ ಹೊಂದುತ್ತವೆ.

ಮಧ್ಯದ ಆವೃತ್ತಿಯಲ್ಲೂ ಇದೇ ಕಾರಣ ಕೆಲಸ ಮಾಡಿದೆ. ಅಂಚುಗಳ ಗುಣೋತ್ತರ ಸರಾಸರಿ 1000 ಹರ್ಟ್ಸ್, ಆದರೆ ಡಿಜಿಟಲ್ ಫಿಲ್ಟರ್‌ನ ಮಧ್ಯ ಸುಮಾರು 1005. ಬಟರ್‌ವರ್ತ್‌ನ ತಲೆ ಚಪ್ಪಟೆಯಾದ್ದರಿಂದ ಪ್ರಮಾಣದ ನಕ್ಷೆಯಲ್ಲಿ ಈ ಐದು ಹರ್ಟ್ಸ್ ಕಣ್ಣಿಗೆ ಬೀಳುವುದೇ ಇಲ್ಲ. ಹಂತದ ನಕ್ಷೆ ಅದನ್ನು ಸ್ಪಷ್ಟವಾಗಿ ತೋರಿಸಿತು: 1000ದಲ್ಲಿ ಹಂತ ಇನ್ನೂ ಸುಮಾರು +2 ಡಿಗ್ರಿ ಇದ್ದು, ಸೊನ್ನೆಯನ್ನು ದಾಟಿದ್ದು 1005ರ ಬಳಿ. ಈ ಪ್ರಯೋಗದಲ್ಲಿ ನಮಗೆ ಅತ್ಯಂತ ತೃಪ್ತಿ ಕೊಟ್ಟ ಅಳತೆ ಇದು.

ಒಂಟಿ ಸ್ವರಗಳ ಅಳತೆಯಲ್ಲಿ ಆರಂಭದ 80 ಮಾದರಿಗಳನ್ನು ಬಿಟ್ಟು ಆರ್‌ಎಂಎಸ್ ಲೆಕ್ಕ ಹಾಕಿದೆವು. ಸ್ವರ ಥಟ್ಟನೆ ಶುರುವಾದಾಗ ಫಿಲ್ಟರ್ ಕೆಲವು ಮಿಲಿಸೆಕೆಂಡು ಮಿಡಿಯುತ್ತದೆ. ತಡೆಪಟ್ಟಿಯಲ್ಲಿ ಆ ಮಿಡಿತವೇ ನಿಜವಾದ ಉತ್ತರಕ್ಕಿಂತ ದೊಡ್ಡದು.

ಎರಡನೇ ಪರೀಕ್ಷೆಗೆ ಮಡಿಕೇರಿಯ ಜುಲೈ ಮಳೆಯನ್ನೇ ಒಳಹರಿವಾಗಿ ಬಳಸಿದೆವು. ಕಾಫಿ ಕಣದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೊಬೈಲಿನಿಂದ ಧ್ವನಿಮುದ್ರಿಸಿ, ಅದರಿಂದ ನಾಲ್ಕು ಸೆಕೆಂಡಿನ ತುಣುಕನ್ನು 8000 ಹರ್ಟ್ಸ್‌ಗೆ ಇಳಿಸಿಕೊಂಡೆವು. ತಗಡಿನ ಮೇಲಿನ ಮಳೆಯ ಸದ್ದು ಎಲ್ಲ ಆವೃತ್ತಿಗಳಲ್ಲಿ ಸಮನಾಗಿಲ್ಲ. ಆದರೂ `tfestimate` ಒಳಹರಿವಿನ ರೋಹಿತದಿಂದ ಭಾಗಿಸುವುದರಿಂದ ಪಾಸ್‌ಬ್ಯಾಂಡಿನಲ್ಲಿ ಫಲಿತಾಂಶ ಕೆಡಲಿಲ್ಲ. 3600ರ ಸುತ್ತ ಮಾತ್ರ 512 ಮಾದರಿಗಳ ಹ್ಯಾಮಿಂಗ್ ವಿಂಡೋದೊಂದಿಗೆ ಕ್ಷೀಣತೆ 55ರಿಂದ 62 ಡೆಸಿಬೆಲ್‌ವರೆಗೆ ಓಲಾಡಿತು, ಒಳಹರಿವಿಗೂ ಹೊರಹರಿವಿಗೂ ಇರುವ ಹೊಂದಾಣಿಕೆಯನ್ನು ಅಳೆಯುವ `mscohere` 0.1ಕ್ಕಿಂತ ಕೆಳಗಿಳಿಯಿತು. ಅಲ್ಲಿ ಮಳೆಯ ಶಕ್ತಿಯೇ ಕಡಿಮೆ. ಜೊತೆಗೆ ಪಾಸ್‌ಬ್ಯಾಂಡಿನ ಬಲವಾದ ಸಂಕೇತ ವಿಂಡೋದ ಪಾರ್ಶ್ವ ಹಾಲೆಗಳ ಮೂಲಕ ಸೋರಿ ಬಂದು ಕ್ಷೀಣ ಉತ್ತರವನ್ನು ಮುಚ್ಚುತ್ತದೆ. ದೂರದ ಹಾಲೆಗಳು ಬೇಗ ಕುಗ್ಗುವ `hann(512)` ಹಾಕಿದ ಕೂಡಲೇ, ಅದೇ ಧ್ವನಿಮುದ್ರಣದಲ್ಲಿ ಅಂದಾಜು 59ರ ಆಸುಪಾಸಿನಲ್ಲಿ ಸ್ಥಿರವಾಯಿತು.