ಫೀಡ್ ಶುರುವಾದ ಮೇಲೆ ಫಾಸ್ಫೇಟ್ ಬಿದ್ದರೆ: ಮೆಡಿಕಲ್ ಐಸಿಯು ಕೆಲಸದ ಕ್ರಮ

ಇದು ನಮ್ಮ ಬೆಂಗಳೂರು ಘಟಕದ ಡ್ಯೂಟಿ ಡಾಕ್ಟರ್, ಸಿಸ್ಟರ್, ಡಯಟೀಷಿಯನ್ ಎಲ್ಲರಿಗೂ. ದೊಡ್ಡವರ ಬೆಡ್‌ಗಳಿಗೆ ಮಾತ್ರ. ಒಂದು ಪ್ರತಿ ಫೀಡ್ ಚಾರ್ಟ್ ಜೊತೆ ಇರಲಿ.

ಅಡ್ಮಿಷನ್ ದಿನ ಫಾಸ್ಫೇಟ್ 3.2 ಇತ್ತು ಅಂತ ಸುಮ್ನೆ ಬಿಡಬೇಡಿ. ಹೊಟ್ಟೆಗೆ ಬೀಳದೆ ದಿನ ಕಳೆದವರ ಜೀವಕೋಶಗಳೊಳಗೆ ಫಾಸ್ಫೇಟ್ ಖಾಲಿಯಾಗಿರುತ್ತದೆ, ರಕ್ತದಲ್ಲಿ ಮಾತ್ರ ಸರಿಯಾಗಿ ಕಾಣುತ್ತದೆ. ಫೀಡ್ ಅಥವಾ ಡೆಕ್ಸ್ಟ್ರೋಸ್ ಕೊಟ್ಟಾಗ ಇನ್ಸುಲಿನ್ ಏರುತ್ತದೆ. ಆಗ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರೂ ರಕ್ತದಿಂದ ಜೀವಕೋಶದೊಳಗೆ ಹೋಗುತ್ತವೆ. ಇದು ಹೆಚ್ಚಾಗಿ ಮೊದಲ 72 ಗಂಟೆಯಲ್ಲೇ ಆಗುತ್ತದೆ. ವೆಂಟಿಲೇಟರ್ ಬಿಡಿಸಲು ಹೋದಾಗ ಉಸಿರಾಟದ ಸ್ನಾಯು ಸೋಲುವುದು, ಹೃದಯದ ಬಡಿತ ತಪ್ಪುವುದು, ಗೊಂದಲ: ಇವು ಕಂಡಾಗ ಸೆಪ್ಸಿಸ್ ಜೊತೆಗೆ ಫಾಸ್ಫೇಟನ್ನೂ ನೆನೆಯಿರಿ.

ಯಾರ ಮೇಲೆ ಕಣ್ಣು

ಐದು ದಿನಕ್ಕಿಂತ ಜಾಸ್ತಿ ಸರಿಯಾಗಿ ಊಟ ಮಾಡದವರು, ತೂಕ ಇಳಿದವರು, ಮದ್ಯದ ಚಟ ಇರುವವರು, ಟಿಬಿ ಅಥವಾ ಕ್ಯಾನ್ಸರ್‌ನಿಂದ ಸೊರಗಿದವರು. ಡಯಾಬಿಟಿಕ್ ಕೀಟೋಅಸಿಡೋಸಿಸ್‌ಗೆ ಇನ್ಸುಲಿನ್ ಹೋಗುತ್ತಿರುವವರು, ನಿರಂತರ ಡಯಾಲಿಸಿಸ್‌ನಲ್ಲಿ ಇರುವವರು ಕೂಡ. "ಎಷ್ಟು ದಿನದಿಂದ ಊಟ ಬಿಟ್ಟಿದ್ದಾರೆ?" ಎಂದು ಮನೆಯವರನ್ನೇ ಕೇಳಿ. ರೆಫರಲ್ ಚೀಟಿಯಲ್ಲಿ ಇದು ಬರೆದಿರುವುದು ಅಪರೂಪ.

ಫೀಡ್‌ಗೆ ಮುಂಚೆ

ಥಯಾಮಿನ್ 100 ಮಿ.ಗ್ರಾಂ ಐವಿ, ಡೆಕ್ಸ್ಟ್ರೋಸ್‌ಗೂ ಮೊದಲು. ಆಮೇಲೆ ದಿನಾ 100, ಕನಿಷ್ಠ 5ರಿಂದ 7 ದಿನ. ಮದ್ಯದವರಲ್ಲಿ ವರ್ನಿಕೆ ಅನುಮಾನ ಇದ್ದರೆ ಈ ಡೋಸ್ ಸಾಲದು, ಕನ್ಸಲ್ಟೆಂಟ್‌ಗೆ ಹೇಳಿ. ಅಪಾಯದ ರೋಗಿಗೆ ಮೊದಲ ದಿನ ಕೆ.ಜಿ.ಗೆ 10 ಕಿಲೊ ಕ್ಯಾಲೊರಿಯಿಂದ ಶುರು ಮಾಡಿ, ರಕ್ತದ ರಿಪೋರ್ಟ್ ನೋಡಿ ಏರಿಸಿ. ಪ್ರೊಪೊಫಾಲ್ ಒಂದು ಮಿ.ಲೀ.ಗೆ 1.1 ಕಿಲೊ ಕ್ಯಾಲೊರಿ, 5% ಡೆಕ್ಸ್ಟ್ರೋಸ್ ಒಂದು ಲೀಟರ್‌ಗೆ 170. ಎರಡನ್ನೂ ಲೆಕ್ಕಕ್ಕೆ ಸೇರಿಸಿ. ಇದನ್ನೇ ನಾವು ಮರೆಯುವುದು ಜಾಸ್ತಿ.

ಯಾವಾಗ ರಕ್ತ

ಫೀಡ್‌ಗೆ ಮುಂಚೆ ಒಮ್ಮೆ. ಅಪಾಯದವರಿಗೆ ಮೊದಲ 3 ದಿನ ಬೆಳಿಗ್ಗೆ 6, ಸಂಜೆ 6. ಆಮೇಲೆ ಏಳನೇ ದಿನದವರೆಗೆ ದಿನಕ್ಕೊಮ್ಮೆ. ಉಳಿದವರಿಗೆ ಮೊದಲ ವಾರ ದಿನಕ್ಕೊಮ್ಮೆ ಸಾಕು. ಪ್ರತಿ ಸಲವೂ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಒಟ್ಟಿಗೆ. ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೆಯಬೇಡಿ. ಸ್ಯಾಂಪಲ್ ಹೀಮೊಲೈಸ್ ಆದರೆ ಫಾಸ್ಫೇಟ್ ಸುಳ್ಳಾಗಿ ಜಾಸ್ತಿ ಬರುತ್ತದೆ, ಮತ್ತೆ ಕಳಿಸಿ.

ಬಿದ್ದಾಗ

ಫೀಡ್ ಶುರುವಾದ 72 ಗಂಟೆಯೊಳಗೆ ಫಾಸ್ಫೇಟ್ 2.0 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗೆ ಹೋಗಿ, ಮೊದಲಿಗಿಂತ 0.5ಕ್ಕಿಂತ ಜಾಸ್ತಿ ಇಳಿದಿದ್ದರೆ ಎರಡು ಕೆಲಸ ಒಟ್ಟಿಗೆ: ತುಂಬಿಸುವುದು, ಫೀಡ್ ತಗ್ಗಿಸುವುದು. ತುಂಬಿಸಿ, ಫೀಡನ್ನು ಹಾಗೇ ಓಡಿಸುವುದು ನನಗೆ ಒಪ್ಪಿಗೆ ಇಲ್ಲ. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಐಸಿಯುಗಳ ಪ್ರಯೋಗದ ಮಾದರಿಯಲ್ಲೇ ಹೋಗೋಣ: ಗಂಟೆಗೆ 20 ಕಿಲೊ ಕ್ಯಾಲೊರಿ, ಕನಿಷ್ಠ 2 ದಿನ. ಫಾಸ್ಫೇಟ್ ತಾನಾಗಿ ನಿಂತರೆ ಒಂದು ದಿನ 40, ಇನ್ನೊಂದು ದಿನ 60, ಆಮೇಲೆ ಪೂರ್ತಿ ಗುರಿ. ಈ ಹೊತ್ತಿನಲ್ಲಿ 8 ಗಂಟೆಗೊಮ್ಮೆ ರಕ್ತ. ಫೀಡ್ ತಗ್ಗಿತು ಎಂದು ಮನೆಯವರು ಗಾಬರಿಯಾಗುತ್ತಾರೆ, ಅಲ್ವಾ? ಡ್ಯೂಟಿ ಡಾಕ್ಟರ್ ತಾವೇ ಹೋಗಿ ವಿವರಿಸಲಿ. ಮನೆಯಿಂದ ತಂದ ರಾಗಿ ಗಂಜಿ ಟ್ಯೂಬ್‌ಗೆ ಬೇಡ.

ಎಷ್ಟು ತುಂಬಿಸುವುದು

2.0ರಿಂದ 2.5 ಇದ್ದು, ಹೊಟ್ಟೆ ಕೆಲಸ ಮಾಡುತ್ತಿದ್ದರೆ ಟ್ಯೂಬ್ ಮೂಲಕ ಫಾಸ್ಫೇಟ್ ಸ್ಯಾಶೆ. ಭೇದಿಯಾದರೆ ಐವಿ, ಕೆ.ಜಿ.ಗೆ 0.08ರಿಂದ 0.16 ಮಿಲಿಮೋಲ್. 1.5ರಿಂದ 2.0 ಒಳಗಿದ್ದರೆ 0.16ರಿಂದ 0.32. 1.5ಕ್ಕಿಂತ ಕೆಳಗೆ 0.32ರಿಂದ 0.64. ಗಂಟೆಗೆ 7 ಮಿಲಿಮೋಲ್ ದಾಟಬಾರದು.

ಮೊನ್ನೆಯ ಲೆಕ್ಕವನ್ನೇ ನೋಡಿ. 50 ಕೆ.ಜಿ. ರೋಗಿ, ಫಾಸ್ಫೇಟ್ 1.3, ಪೊಟ್ಯಾಸಿಯಂ 3.1, ಕಿಡ್ನಿ ಸರಿ ಇದೆ. ಕೆ.ಜಿ.ಗೆ 0.4ರಂತೆ 20 ಮಿಲಿಮೋಲ್. ಆಂಪ್ಯೂಲ್ ಲೇಬಲ್ ಪ್ರಕಾರ ಪೊಟ್ಯಾಸಿಯಂ ಫಾಸ್ಫೇಟ್ ಒಂದು ಮಿ.ಲೀ.ನಲ್ಲಿ 3 ಮಿಲಿಮೋಲ್ ಫಾಸ್ಫೇಟ್, 4.4 ಮಿಲಿಈಕ್ವಿವಲೆಂಟ್ ಪೊಟ್ಯಾಸಿಯಂ. ಹಾಗಾಗಿ 6.7 ಮಿ.ಲೀ., ಜೊತೆಗೆ ಸುಮಾರು 29 ಪೊಟ್ಯಾಸಿಯಂ. 250 ಮಿ.ಲೀ. ನಾರ್ಮಲ್ ಸಲೈನ್‌ನಲ್ಲಿ, ಸೆಂಟ್ರಲ್ ಲೈನ್‌ನಿಂದ, ಪಂಪ್‌ನಲ್ಲಿ 5 ಗಂಟೆ. ಇಸಿಜಿ ಮಾನಿಟರ್ ಇರಲಿ. ಬ್ರ್ಯಾಂಡ್ ಬದಲಾದರೆ ಲೇಬಲ್ ಓದಿ ಮತ್ತೆ ಲೆಕ್ಕ ಹಾಕಿ, ಇನ್ನೊಬ್ಬ ಸಿಸ್ಟರ್ ಅದನ್ನು ನೋಡಲಿ. ಬೋಲಸ್ ಎಂದಿಗೂ ಬೇಡ.

ಕ್ಯಾಲ್ಸಿಯಂ ಹೋಗುವ ಲೈನ್‌ನಲ್ಲಿ ಫಾಸ್ಫೇಟ್ ಬೇಡ, ಎರಡೂ ಸೇರಿ ಗಟ್ಟಿಯಾಗುತ್ತವೆ. ರಿಂಗರ್ ಲ್ಯಾಕ್ಟೇಟ್‌ನಲ್ಲೂ ಕ್ಯಾಲ್ಸಿಯಂ ಇದೆ. ಪೊಟ್ಯಾಸಿಯಂ 4.0 ದಾಟಿದ್ದರೆ ಫಾರ್ಮಸಿಯಲ್ಲಿ ಸೋಡಿಯಂ ಫಾಸ್ಫೇಟ್ ಕೇಳಿ. ಕ್ರಿಯಾಟಿನಿನ್ ಏರಿದ್ದು ಡಯಾಲಿಸಿಸ್ ಇಲ್ಲದಿದ್ದರೆ ಅರ್ಧ ಡೋಸ್. ನಿರಂತರ ಡಯಾಲಿಸಿಸ್‌ನಲ್ಲಿ ಅರ್ಧ ಮಾಡಬೇಡಿ, ಅಲ್ಲಿ ಫಾಸ್ಫೇಟ್ ಸೋರುತ್ತಲೇ ಇರುತ್ತದೆ. ಮೆಗ್ನೀಸಿಯಂ ಕಡಿಮೆ ಇದ್ದರೆ ಅದನ್ನೂ ಸರಿಪಡಿಸಿ, ಇಲ್ಲದಿದ್ದರೆ ಪೊಟ್ಯಾಸಿಯಂ ಏರುವುದಿಲ್ಲ.

ಡೋಸ್ ಮುಗಿದ 2ರಿಂದ 4 ಗಂಟೆಗೆ ಮತ್ತೆ ಫಾಸ್ಫೇಟ್, ಪೊಟ್ಯಾಸಿಯಂ, ಅಯಾನೈಸ್ಡ್ ಕ್ಯಾಲ್ಸಿಯಂ. ಬೆರಳು ಸೆಟೆದರೆ, ಕ್ಯೂಟಿ ಉದ್ದವಾದರೆ ಪಂಪ್ ನಿಲ್ಲಿಸಿ ಕರೆಯಿರಿ. ಫಾಸ್ಫೇಟ್ 1.0ಕ್ಕಿಂತ ಕೆಳಗೆ ಬಂದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ, ಕನ್ಸಲ್ಟೆಂಟ್‌ಗೆ ಫೋನ್ ಮಾಡಿ.