ಸಿರಿಧಾನ್ಯ ಮತ್ತು ಹಿಟ್ಟು: ಈ ವಾರದ ದಾಸ್ತಾನು

ಬಾಳಿಕೆಯನ್ನು ಹಿಟ್ಟಿಗೆ ಬೀಸಿದ ದಿನದಿಂದ, ಅಕ್ಕಿಗೆ ಹೊಟ್ಟು ತೆಗೆದ ದಿನದಿಂದ ಲೆಕ್ಕ ಹಾಕಿದ್ದೇವೆ. ಆ ದಿನಾಂಕ ಪ್ರತಿ ಪೊಟ್ಟಣದ ಮೇಲೂ ಇದೆ.

ಸಜ್ಜೆ ಹಿಟ್ಟು, 500 ಗ್ರಾಂ
ಇಡೀ ಸಜ್ಜೆ, ತೌಡು ಮತ್ತು ಮೊಳಕೆ ಭಾಗದ ಸಮೇತ. ಕಲ್ಲಿನ ಗಿರಣಿಯಲ್ಲಿ ನಿಧಾನಕ್ಕೆ ಬೀಸಿದ್ದು, ಜರಡಿ ಹಿಡಿದಿಲ್ಲ. ಬಾಳಿಕೆ ಹೊರಗೆ 10 ದಿನ, ಫ್ರಿಜ್‌ನಲ್ಲಿ 30 ದಿನ.
ಇಷ್ಟು ಕಡಿಮೆ ಯಾಕೆಂದರೆ, ಸಜ್ಜೆಯಲ್ಲಿ ಎಣ್ಣೆಯಂಶ ಸುಮಾರು ಶೇ. 5ರಷ್ಟಿದೆ. ಬೀಸಿದ ಕೂಡಲೇ ಕಾಳಿನೊಳಗಿನ ಲೈಪೇಸ್ ಕಿಣ್ವ ಆ ಎಣ್ಣೆಯನ್ನು ಒಡೆಯಲು ಶುರುಮಾಡುತ್ತದೆ. ಮೊದಲು ಕಹಿ, ಆಮೇಲೆ ಕಮಟು ವಾಸನೆ. ಆದ್ದರಿಂದ ಆರ್ಡರ್ ಬಂದ ಮೇಲೆಯೇ ಬೀಸುತ್ತೇವೆ, 1 ಕಿಲೋ ಪೊಟ್ಟಣ ಮಾಡುವುದಿಲ್ಲ. ತಿಂಗಳಿಗಾಗುವಷ್ಟು ಬೇಕಿದ್ದವರು ಇಡೀ ಕಾಳು ಕೊಳ್ಳಿ (1 ಕಿಲೋ, ಬಾಳಿಕೆ 6 ತಿಂಗಳು), ಬೇಕಾದಾಗ ಬೀಸಿಕೊಳ್ಳಿ.

ರಾಗಿ ಹಿಟ್ಟು, 1 ಕಿಲೋ
ಕಲ್ಲು, ಮಣ್ಣು ಆರಿಸಿ, ತೊಳೆದು, ಪೂರ್ತಿ ಒಣಗಿಸಿ ಬೀಸಿದ್ದು. ಕಾಳು ಸಣ್ಣದು, ಸಿಪ್ಪೆ ಒಳಭಾಗಕ್ಕೆ ಬಿಗಿಯಾಗಿ ಅಂಟಿರುತ್ತದೆ; ಹಾಗಾಗಿ ಸಿಪ್ಪೆ ಸಮೇತ ಬೀಸುವುದೇ ರೂಢಿ. ಸುಣ್ಣದಂಶ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಎಣ್ಣೆಯಂಶ ಕಡಿಮೆ ಇರುವುದರಿಂದ ಬಾಳಿಕೆ 3 ತಿಂಗಳು.

ಮೊಳಕೆ ರಾಗಿ ಹಿಟ್ಟು, 500 ಗ್ರಾಂ
12 ಗಂಟೆ ನೆನೆಸಿ, 36 ಗಂಟೆ ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿ, ನಯವಾದ ಜರಡಿಯಲ್ಲಿ ಸೋಸಿದ್ದು. ನಾರಿನಂಶ ಮುಖ್ಯ ಎನ್ನುವವರಿಗೆ ಮೇಲಿನ ಹಿಟ್ಟೇ ಸರಿ. ಬಾಳಿಕೆ 2 ತಿಂಗಳು.

ಬಿಳಿ ಜೋಳದ ಹಿಟ್ಟು, 1 ಕಿಲೋ
ಕಲ್ಲಿನ ಗಿರಣಿ, ನಯವಾದ ಬೀಸು. ಬಾಳಿಕೆ 45 ದಿನ. ರೊಟ್ಟಿಗಾದರೆ 15 ದಿನದೊಳಗೆ ಬಳಸಿ. ಹಳತಾದಂತೆ ಜಿಗಿ ಹೋಗುತ್ತದೆ, ತಟ್ಟುವಾಗ ಅಂಚು ಬಿರಿಯುತ್ತದೆ. ಕುದಿಯುವ ನೀರಿನಲ್ಲಿ ಕಲಸಿದರೆ ಸ್ವಲ್ಪ ಮಟ್ಟಿಗೆ ಸುಧಾರಿಸುತ್ತದೆ.

ನವಣೆ ಅಕ್ಕಿ, 1 ಕಿಲೋ
ಹೊಟ್ಟು ಮಾತ್ರ ತೆಗೆದಿದೆ, ಪಾಲಿಶ್ ಮಾಡಿಲ್ಲ. ತೌಡು ಉಳಿದಿರುವುದರಿಂದ ಬಣ್ಣ ಮಾಸಲು ಹಳದಿ. ಬೆಳ್ಳಗೆ ಹೊಳೆಯುವುದಿಲ್ಲ, ಹೊಳೆಯಲೂಬಾರದು. ಅಡುಗೆಗೆ ಮುನ್ನ 2 ಗಂಟೆ ನೆನೆಸಿ. ಬಾಳಿಕೆ 4 ತಿಂಗಳು.

ಹಾರಕದ ಅಕ್ಕಿ, 500 ಗ್ರಾಂ
ಹಾರಕಕ್ಕೆ ಹೊಟ್ಟಿನ ಪದರ ಹಲವು, ಅದಕ್ಕೇ ಯಂತ್ರದಲ್ಲಿ ಎರಡು ಸುತ್ತು ಹಾಯಿಸಿದ್ದೇವೆ. ಆದರೂ ಅಲ್ಲೊಂದು ಇಲ್ಲೊಂದು ಹೊಟ್ಟಿನ ಕಾಳು ಸಿಗಬಹುದು. ತೊಳೆಯುವಾಗ ತೇಲುತ್ತದೆ, ತೆಗೆಯಿರಿ. ಬಾಳಿಕೆ 4 ತಿಂಗಳು. ಬೂಸ್ಟು ಹಿಡಿದ ಹಾರಕ ತಿಂದರೆ ತಲೆಸುತ್ತು, ವಾಂತಿ ಬರುತ್ತದೆ. ಕೊಯ್ಲಿನಲ್ಲಿ ಮಳೆಗೆ ಸಿಕ್ಕ ರಾಶಿಯನ್ನು ನಾವು ಕೊಳ್ಳುವುದಿಲ್ಲ. ಮನೆಯಲ್ಲಿ ತೇವ ತಗುಲಿ ಮುಗ್ಗಲು ವಾಸನೆ ಬಂದರೆ, ತೊಳೆದು ಉಳಿಸಿಕೊಳ್ಳಲು ನೋಡದೆ ಎಸೆದುಬಿಡಿ.

ಗ್ಲುಟನ್ ಆಗದವರಿಗೆ
ಮೇಲಿನ ಯಾವ ಧಾನ್ಯದಲ್ಲೂ ಗ್ಲುಟನ್ ಇಲ್ಲ. ಆದರೆ ಜೋಳ, ಸಜ್ಜೆ ಬೀಸುವ ಗಿರಣಿಯಲ್ಲೇ ಗೋಧಿಯನ್ನೂ ಬೀಸುತ್ತೇವೆ, ಕಲ್ಲಿನ ಸಂದಿಯಲ್ಲಿ ಗೋಧಿ ಹಿಟ್ಟು ಉಳಿದಿರುತ್ತದೆ. ಸೀಲಿಯಾಕ್ ಕಾಯಿಲೆ ಇರುವವರು ಈ ಎರಡು ಹಿಟ್ಟು ಕೊಳ್ಳಬೇಡಿ. ಎರಡು ಬಗೆಯ ರಾಗಿ ಹಿಟ್ಟಿಗೂ ಬೇರೆಯೇ ಗಿರಣಿ ಇದೆ, ಅದಕ್ಕೆ ಗೋಧಿ ಹಾಕುವುದಿಲ್ಲ.