ಬ್ರೇಕಿಯಲ್ ಪ್ಲೆಕ್ಸಸ್: ನಮ್ಮ ಮೇಜಿನ ಟಿಪ್ಪಣಿಗಳಿಂದ ಮಾಡಿದ ಕೋಷ್ಟಕ

ಏಳನೆಯ ಮೇಜಿನ ಎಲ್ಲರಿಗೂ,

ಕಂಕುಳಿನ ಡಿಸೆಕ್ಷನ್ ನಡೆದ ದಿನಗಳಲ್ಲಿ ನಾವೆಲ್ಲ ಬರೆದ ಟಿಪ್ಪಣಿಗಳನ್ನು ಒಟ್ಟು ಮಾಡಿ ಈ ಕೋಷ್ಟಕ ಕಟ್ಟಿದ್ದೇನೆ. ಸೋಮವಾರದ ವೈವಾಕ್ಕೆ ಮುಂಚೆ ಒಮ್ಮೆ ನೋಡಿಕೊಳ್ಳಿ. ಬೈಂದೂರು, ಕುಂದಾಪುರ ಕಡೆಯಿಂದ ಮಂಗಳೂರಿಗೆ ಹಿಂತಿರುಗುವವರಿಗೆ ರೈಲಿನಲ್ಲಿ ಓದಲು ಇಷ್ಟು ಸಾಕು.

ಟಿಪ್ಪಣಿಗಳು ಚಾಕು ಹೋದ ದಾರಿಯಲ್ಲೇ ಹೋಗಿವೆ. ಒಂದು ಸಾಲು ಹೀಗಿದೆ: ‘ಪೆಕ್ಟೊರಾಲಿಸ್ ಮೈನರ್ ಅನ್ನು ಪಕ್ಕೆಲುಬಿನಿಂದ ಬಿಡಿಸಿ ಮೇಲಕ್ಕೆ ಮಗುಚಿದೆವು, ಕೊಬ್ಬು ತೆಗೆದೆವು, ಅಪಧಮನಿಯ ಮುಂದೆ ಎಂ ಆಕಾರ ಕಂಡಿತು, ಹೊರಗಿನ ಕಾಲು ಕೊರಾಕೊಬ್ರೇಕಿಯಾಲಿಸ್ ಕಡೆಗೆ ಹೋಗುತ್ತದೆ.’ ಕೆಡಾವರ್ ಎದುರಿಗಿದ್ದರೆ ಇದು ಚಿನ್ನದಂಥ ಸಾಲು. ವೈವಾದಲ್ಲಿ ಮೇಡಂ ಕೇಳುವುದು ತಿರುವುಮುರುವಾಗಿ: ರೋಗಿ ಮಣಿಕಟ್ಟು ಎತ್ತಲಾರ, ಪೆಟ್ಟು ಎಲ್ಲಿ? ಆದ್ದರಿಂದ ಎಡದಿಂದ ಬಲಕ್ಕೆ ಒಮ್ಮೆ ಓದಿ, ಆಮೇಲೆ ಕೊನೆಯ ಕಾಲಮ್ಮಿನಿಂದ ಹಿಂದಕ್ಕೆ ಬನ್ನಿ.

ಚೌಕಟ್ಟು ಎಲ್ಲರಿಗೂ ಗೊತ್ತಿರುವುದೇ. ಸಿ5ರಿಂದ ಟಿ1ರವರೆಗಿನ ಐದು ಬೇರುಗಳು ಸ್ಕೆಲೀನಸ್ ಆಂಟೀರಿಯರ್ ಮತ್ತು ಮೀಡಿಯಸ್ ನಡುವೆ ಹೊರಬರುತ್ತವೆ. ಸಿ5, ಸಿ6 ಸೇರಿ ಮೇಲಿನ ಟ್ರಂಕ್, ಸಿ7 ಒಂಟಿಯಾಗಿ ನಡುವಿನದು, ಸಿ8, ಟಿ1 ಸೇರಿ ಕೆಳಗಿನದು. ಕ್ಲಾವಿಕಲ್‌ನ ಹಿಂದೆ ಪ್ರತಿ ಟ್ರಂಕ್ ಎರಡಾಗುತ್ತದೆ. ಹಿಂದಿನ ಮೂರೂ ಕೂಡಿ ಪೋಸ್ಟೀರಿಯರ್ ಕಾರ್ಡ್ ಆಗುತ್ತದೆ. ಮುಂದಿನವುಗಳಲ್ಲಿ ಮೇಲಿನ ಎರಡು ಲ್ಯಾಟರಲ್, ಕೆಳಗಿನದು ಮೀಡಿಯಲ್.

| ಬೇರು | ನರ, ಹುಟ್ಟುವ ಜಾಗ | ಸ್ನಾಯು | ಕೊರತೆ |
|---|---|---|---|
| ಸಿ5 | ಡಾರ್ಸಲ್ ಸ್ಕ್ಯಾಪುಲರ್, ಬೇರಿನಿಂದ | ರಾಂಬಾಯ್ಡ್‌ಗಳು, ಲಿವೇಟರ್ ಸ್ಕ್ಯಾಪುಲೆ | ಸ್ಕ್ಯಾಪುಲಾ ಬೆನ್ನುಮೂಳೆಯ ಕಡೆಗೆ ಎಳೆಯುವುದು ದುರ್ಬಲ |
| ಸಿ5, 6, 7 | ಲಾಂಗ್ ಥೊರಾಸಿಕ್, ಬೇರುಗಳಿಂದ | ಸೆರೇಟಸ್ ಆಂಟೀರಿಯರ್ | ಗೋಡೆ ತಳ್ಳಿದಾಗ ಸ್ಕ್ಯಾಪುಲಾ ರೆಕ್ಕೆಯಂತೆ ಏಳುತ್ತದೆ. ಕೈ ತಲೆಯ ಮೇಲಕ್ಕೆ ಎತ್ತಲು ಕಷ್ಟ |
| ಸಿ5, 6 | ಸುಪ್ರಾಸ್ಕ್ಯಾಪುಲರ್, ಮೇಲಿನ ಟ್ರಂಕ್ | ಸುಪ್ರಾಸ್ಪೈನೇಟಸ್, ಇನ್ಫ್ರಾಸ್ಪೈನೇಟಸ್ | ಅಬ್ಡಕ್ಷನ್‌ನ ಆರಂಭ ಮತ್ತು ಹೊರತಿರುವು ದುರ್ಬಲ |
| ಸಿ5, 6, 7 | ಲ್ಯಾಟರಲ್ ಪೆಕ್ಟೊರಲ್, ಲ್ಯಾಟರಲ್ ಕಾರ್ಡ್ | ಪೆಕ್ಟೊರಾಲಿಸ್ ಮೇಜರ್ | ಅಡ್ಡಕ್ಷನ್, ಒಳತಿರುವು ದುರ್ಬಲ |
| ಸಿ8, ಟಿ1 | ಮೀಡಿಯಲ್ ಪೆಕ್ಟೊರಲ್, ಮೀಡಿಯಲ್ ಕಾರ್ಡ್ | ಪೆಕ್ಟೊರಾಲಿಸ್ ಮೈನರ್, ಮೇಜರ್‌ನ ಕೆಳಭಾಗ | ಮೇಲಿನಂತೆಯೇ |
| ಸಿ5, 6, 7 | ಮಸ್ಕ್ಯುಲೊಕ್ಯುಟೇನಿಯಸ್, ಲ್ಯಾಟರಲ್ ಕಾರ್ಡ್ | ಕೊರಾಕೊಬ್ರೇಕಿಯಾಲಿಸ್, ಬೈಸೆಪ್ಸ್, ಬ್ರೇಕಿಯಾಲಿಸ್ | ಮೊಣಕೈ ಮಡಿಸುವುದು, ಸುಪಿನೇಷನ್ ದುರ್ಬಲ. ಮುಂದೋಳಿನ ಹೊರಬದಿ ಮರಗಟ್ಟುತ್ತದೆ |
| ಸಿ5ರಿಂದ ಟಿ1 | ಮೀಡಿಯನ್, ಲ್ಯಾಟರಲ್ ಮತ್ತು ಮೀಡಿಯಲ್ ಎರಡೂ ಕಾರ್ಡ್ | ಮುಂದೋಳಿನ ಮುಂಭಾಗದ ಬಹುಪಾಲು, ಥೀನಾರ್ ಗುಂಪು, ಲಂಬ್ರಿಕಲ್ 1, 2 | ಮೊಣಕೈ ಬಳಿ: ಮುಷ್ಟಿ ಕಟ್ಟಿದರೆ ತೋರುಬೆರಳು, ನಡುಬೆರಳು ಮಡಚುವುದಿಲ್ಲ, ಪ್ರೊನೇಷನ್ ಹೋಗುತ್ತದೆ. ಮಣಿಕಟ್ಟಿನಲ್ಲಿ: ಹೆಬ್ಬೆರಳು ಎದುರು ತರಲಾಗದು, ಥೀನಾರ್ ಸೊರಗುತ್ತದೆ |
| (ಸಿ7), ಸಿ8, ಟಿ1 | ಅಲ್ನಾರ್, ಮೀಡಿಯಲ್ ಕಾರ್ಡ್ | ಫ್ಲೆಕ್ಸರ್ ಕಾರ್ಪೈ ಅಲ್ನಾರಿಸ್, ಪ್ರೊಫಂಡಸ್‌ನ ಒಳ ಅರ್ಧ, ಹೈಪೊಥೀನಾರ್, ಎಲ್ಲ ಇಂಟರಾಸಿಯೈ, ಲಂಬ್ರಿಕಲ್ 3, 4, ಅಡ್ಡಕ್ಟರ್ ಪಾಲಿಸಿಸ್ | ಉಂಗುರಬೆರಳು, ಕಿರುಬೆರಳು ಪಂಜದಂತೆ; ಬೆರಳು ಅಗಲಿಸಲಾಗದು; ಫ್ರೊಮೆಂಟ್ ಚಿಹ್ನೆ; ಒಂದೂವರೆ ಬೆರಳು ಮರಗಟ್ಟುತ್ತದೆ |
| ಸಿ5, 6 | ಮೇಲಿನ, ಕೆಳಗಿನ ಸಬ್‌ಸ್ಕ್ಯಾಪುಲರ್, ಪೋಸ್ಟೀರಿಯರ್ ಕಾರ್ಡ್ | ಸಬ್‌ಸ್ಕ್ಯಾಪುಲಾರಿಸ್. ಕೆಳಗಿನದು ಟೆರಿಸ್ ಮೇಜರ್‌ಗೂ | ಒಳತಿರುವು ದುರ್ಬಲ |
| ಸಿ6, 7, 8 | ಥೊರಾಕೊಡಾರ್ಸಲ್, ಪೋಸ್ಟೀರಿಯರ್ ಕಾರ್ಡ್ | ಲ್ಯಾಟಿಸಿಮಸ್ ಡಾರ್ಸೈ | ಕೈಯಿಂದ ಮೈಯನ್ನು ಮೇಲಕ್ಕೆ ಎಳೆದುಕೊಳ್ಳಲಾಗದು; ಅಡಿಕೆ ಮರ ಹತ್ತುವವನು ಮೊದಲು ಗುರುತಿಸುತ್ತಾನೆ |
| ಸಿ5, 6 | ಆಕ್ಸಿಲರಿ, ಪೋಸ್ಟೀರಿಯರ್ ಕಾರ್ಡ್ | ಡೆಲ್ಟಾಯ್ಡ್, ಟೆರಿಸ್ ಮೈನರ್ | 15 ಡಿಗ್ರಿಯ ನಂತರದ ಅಬ್ಡಕ್ಷನ್ ದುರ್ಬಲ; ಭುಜದ ಹೊರಬದಿಯಲ್ಲಿ ಒಂದು ತೇಪೆಯಷ್ಟು ಜಾಗ ಮರಗಟ್ಟುತ್ತದೆ |
| ಸಿ5ರಿಂದ ಟಿ1 | ರೇಡಿಯಲ್, ಪೋಸ್ಟೀರಿಯರ್ ಕಾರ್ಡ್ | ಟ್ರೈಸೆಪ್ಸ್, ಬ್ರೇಕಿಯೊರೇಡಿಯಾಲಿಸ್, ಮುಂದೋಳಿನ ಹಿಂಭಾಗದ ಎಕ್ಸ್‌ಟೆನ್ಸರ್‌ಗಳು | ಮಣಿಕಟ್ಟು ಜೋತುಬೀಳುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವಿನ ಹಿಂಭಾಗ ಮರಗಟ್ಟುತ್ತದೆ |

ತೋಳು, ಮುಂದೋಳಿನ ಮೀಡಿಯಲ್ ಕ್ಯುಟೇನಿಯಸ್ ನರಗಳಿಗೆ ಸ್ನಾಯುವಿಲ್ಲ, ಹಾಗಾಗಿ ಸಾಲನ್ನೂ ಕೊಟ್ಟಿಲ್ಲ. ಸಬ್‌ಕ್ಲೇವಿಯಸ್‌ನ ನರವನ್ನೂ ಬಿಟ್ಟಿದ್ದೇನೆ. ಬೇಕೆಂದವರು ಸೇರಿಸಿಕೊಳ್ಳಿ, ನನ್ನ ಮಟ್ಟಿಗೆ ಅದರ ಮೇಲೆ ಒಂದು ಪ್ರಶ್ನೆಗಿಂತ ಹೆಚ್ಚು ಬರಲಾರದು.

ಅಲ್ನಾರ್‌ನ ಸಿ7ರ ಬಗ್ಗೆ ನಮ್ಮೊಳಗೇ ಜಗಳವಿತ್ತು. ಇಬ್ಬರು ಬರೆದಿದ್ದರು, ಉಳಿದವರು ಬರೆದಿರಲಿಲ್ಲ. ಮೀಡಿಯನ್‌ನ ಲ್ಯಾಟರಲ್ ಬೇರಿನಿಂದ ಸಿ7ರ ಎಳೆಗಳು ಅನೇಕರಲ್ಲಿ ಅಲ್ನಾರ್ ಸೇರುತ್ತವೆ, ಆದರೆ ಎಲ್ಲರಲ್ಲೂ ಅಲ್ಲ. ಅದಕ್ಕೇ ಆವರಣ ಚಿಹ್ನೆ. ಇನ್ನೊಂದು ಗೊಂದಲ ಪೆಕ್ಟೊರಲ್ ನರಗಳದ್ದು: ಲ್ಯಾಟರಲ್, ಮೀಡಿಯಲ್ ಎಂಬ ಹೆಸರು ಎದೆಯ ಮೇಲಿನ ಜಾಗದಿಂದ ಬಂದದ್ದಲ್ಲ, ಹೊರಟ ಕಾರ್ಡ್‌ನಿಂದ ಬಂದದ್ದು.

ಕೊನೆಯ ಕಾಲಮ್ಮಿನಲ್ಲಿ ನನಗೆ ತೃಪ್ತಿಯಾಗದ ಸಾಲುಗಳು ರೇಡಿಯಲ್ ಮತ್ತು ಅಲ್ನಾರ್. ಒಂದೇ ನರ, ಪೆಟ್ಟಿನ ಎತ್ತರ ಬದಲಾದರೆ ಕೈಯ ರೂಪವೇ ಬದಲು. ಕಂಕುಳಿನಲ್ಲಿ ರೇಡಿಯಲ್‌ಗೆ ಪೆಟ್ಟಾದರೆ ಟ್ರೈಸೆಪ್ಸ್ ಕೂಡ ಹೋಗುತ್ತದೆ. ಹ್ಯೂಮರಸ್ ನಡುವಿನಲ್ಲಿ ಮುರಿದು ಸ್ಪೈರಲ್ ಗ್ರೂವ್‌ನಲ್ಲಿ ಪೆಟ್ಟಾದರೆ ಮಣಿಕಟ್ಟು ಜೋತುಬಿದ್ದರೂ ಮೊಣಕೈ ಚಾಚಲು ಬರುತ್ತದೆ, ಏಕೆಂದರೆ ಟ್ರೈಸೆಪ್ಸ್‌ನ ಲಾಂಗ್ ಹೆಡ್‌ಗೆ ಹೋಗುವ ಕವಲು ಗ್ರೂವ್‌ಗಿಂತ ಮೇಲೆಯೇ ಹೊರಟಿರುತ್ತದೆ. ಇನ್ನೂ ಕೆಳಗೆ ಪೋಸ್ಟೀರಿಯರ್ ಇಂಟರಾಸಿಯಸ್ ಮಾತ್ರ ಕೆಟ್ಟರೆ ಬೆರಳುಗಳು ಜೋಲುತ್ತವೆ. ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಲಾಂಗಸ್ ಉಳಿದಿರುವುದರಿಂದ ಮಣಿಕಟ್ಟು ಹೆಬ್ಬೆರಳಿನ ಕಡೆಗೆ ವಾಲಿಕೊಂಡು ಮೇಲೇಳುತ್ತದೆ, ಚರ್ಮದ ಸ್ಪರ್ಶವೂ ಕೆಡುವುದಿಲ್ಲ.

ಅಲ್ನಾರ್‌ನದು ಲೆಕ್ಕಕ್ಕೆ ಉಲ್ಟಾ. ಮೊಣಕೈಯಲ್ಲಿ ಕೆಟ್ಟರೆ ಪಂಜದ ಬಾಗು ಕಡಿಮೆ, ಮಣಿಕಟ್ಟಿನಲ್ಲಿ ಕೆಟ್ಟರೆ ಹೆಚ್ಚು. ಬೆರಳ ತುದಿಯನ್ನು ಬಾಗಿಸುವುದು ಪ್ರೊಫಂಡಸ್; ಮೇಲೆ ಪೆಟ್ಟಾದಾಗ ಅದರ ಒಳ ಅರ್ಧವೂ ಸತ್ತಿರುತ್ತದೆ, ಎಳೆಯುವವರೇ ಇಲ್ಲ. ಇದನ್ನು ಬಾಯಿಪಾಠ ಮಾಡಬೇಡಿ, ಕಾರಣ ಹೇಳಲು ಕಲಿಯಿರಿ. ಮೇಡಂ ಮುಂದಿನ ಪ್ರಶ್ನೆ ‘ಏಕೆ’ ಎಂದೇ ಇರುತ್ತದೆ.

ಮೀಡಿಯನ್‌ನಲ್ಲಿ ಒಂದೇ ಮಾತು: ಕಾರ್ಪಲ್ ಟನಲ್‌ನಲ್ಲಿ ಅಂಗೈಯ ಸ್ಪರ್ಶ ಉಳಿಯುತ್ತದೆ, ಏಕೆಂದರೆ ಪಾಮರ್ ಕವಲು ರೆಟಿನಾಕ್ಯುಲಮ್‌ನ ಮೇಲಿಂದ ದಾಟುತ್ತದೆ.

ಇನ್ನು ಟ್ರಂಕ್‌ಗಳಿಗೇ ಆಗುವ ಪೆಟ್ಟು. ಬೈಕಿನಿಂದ ಬಿದ್ದು ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಸೆಳೆದರೆ, ಅಥವಾ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಂಡರೆ ಮೇಲಿನ ಟ್ರಂಕ್ ಹರಿಯುತ್ತದೆ. ಅದು ಎರ್ಬ್. ಕೋಷ್ಟಕದಲ್ಲಿ ಸಿ5, 6 ಇರುವ ಸಾಲುಗಳನ್ನು ಬೆರಳಿಟ್ಟು ಒಟ್ಟು ಮಾಡಿದರೆ ಚಿತ್ರ ತಾನಾಗಿ ಮೂಡುತ್ತದೆ: ಡೆಲ್ಟಾಯ್ಡ್, ಸುಪ್ರಾಸ್ಪೈನೇಟಸ್ ಇಲ್ಲ, ತೋಳು ಮೈಗೆ ಅಂಟಿ ಇಳಿಬಿದ್ದಿದೆ, ಇನ್ಫ್ರಾಸ್ಪೈನೇಟಸ್, ಟೆರಿಸ್ ಮೈನರ್ ಇಲ್ಲ, ಒಳಕ್ಕೆ ತಿರುಗಿದೆ, ಬೈಸೆಪ್ಸ್ ಇಲ್ಲ, ಮೊಣಕೈ ಚಾಚಿ ಅಂಗೈ ಹಿಂದಕ್ಕೆ ಮುಖ ಮಾಡಿದೆ. ಮರದಿಂದ ಬೀಳುವಾಗ ಕೈಗೆ ಸಿಕ್ಕ ಕೊಂಬೆಗೆ ಜೋತುಬಿದ್ದರೆ ಸಿ8, ಟಿ1 ಹರಿದು ಕ್ಲುಂಪ್ಕೆ ಆಗುತ್ತದೆ. ಇಲ್ಲಿ ಮೀಡಿಯನ್‌ನ ಲಂಬ್ರಿಕಲ್‌ಗಳೂ ಹೋಗುವುದರಿಂದ ನಾಲ್ಕೂ ಬೆರಳು ಪಂಜವಾಗುತ್ತವೆ. ಅದೇ ಬದಿಯ ರೆಪ್ಪೆ ಇಳಿದು, ಕಣ್ಣಿನ ಪಾಪೆ ಕಿರಿದಾಗಿದ್ದರೆ ಟಿ1ರ ಸಿಂಪಥೆಟಿಕ್ ಎಳೆಗಳೂ ಹರಿದಿವೆ ಎಂದು ತಿಳಿಯಿರಿ, ಅದು ಹಾರ್ನರ್.

ಹಾಲ್‌ನಲ್ಲಿ ಗುರುತಿಸುವಾಗ ಎಂ ಆಕಾರದಿಂದ ಶುರುಮಾಡಿ: ಹೊರಗಾಲು ಮಸ್ಕ್ಯುಲೊಕ್ಯುಟೇನಿಯಸ್, ನಡುವಿನದು ಮೀಡಿಯನ್, ಒಳಗಾಲು ಅಲ್ನಾರ್. ಆಮೇಲೆ ಅಪಧಮನಿಯನ್ನು ಮೆಲ್ಲಗೆ ಸರಿಸಿದರೆ ಹಿಂದೆ ಪೋಸ್ಟೀರಿಯರ್ ಕಾರ್ಡ್. ಆದರೆ ನಮ್ಮ ಮೇಜಿನ ಎಡಗೈಯಲ್ಲಿ ಮಸ್ಕ್ಯುಲೊಕ್ಯುಟೇನಿಯಸ್ ಕೊರಾಕೊಬ್ರೇಕಿಯಾಲಿಸ್ ಅನ್ನು ತೂರಿ ಹೋಗುವುದೇ ಇಲ್ಲ, ಮೀಡಿಯನ್‌ಗೆ ಒಂದು ಕೊಂಡಿಯನ್ನೂ ಕೊಟ್ಟಿದೆ. ಇದು ಆಗಾಗ ಕಾಣುವ ವ್ಯತ್ಯಾಸ. ಕೋಷ್ಟಕದಲ್ಲಿರುವುದು ಬಲಗೈ. ಎಡಗೈ ತೋರಿಸಿ ಕೇಳಿದರೆ ಸಾಮಾನ್ಯ ದಾರಿಯನ್ನು ಮೊದಲು ಹೇಳಿ, ನಂತರ ಕೊಂಡಿಯನ್ನು ಚಿಮಟದಿಂದ ಎತ್ತಿ ತೋರಿಸಿ. ತೆಳ್ಳಗಿದೆ, ಜೋರಾಗಿ ಎಳೆಯಬೇಡಿ. ನಮ್ಮ ನಂತರ ಮಧ್ಯಾಹ್ನದ ತಂಡಕ್ಕೂ ಅದೇ ಕೈ.